ಪಿಇ ಅಗ್ಗ ಅನ್ನುತ್ತೆ, ಇವಿ–ಎಬಿಟ್‌ಡಾ ದುಬಾರಿ ಅನ್ನುತ್ತೆ: ಯಾವುದನ್ನು ನಂಬಬೇಕು?

ಒಂದೇ ವ್ಯಾಪಾರ ಮಾಡುವ ಎರಡು ಕಂಪನಿಗಳಿವೆ ಅಂದುಕೊಳ್ಳಿ. ಮೊದಲನೆಯದರ ಪಿಇ 12, ಎರಡನೆಯದರದ್ದು 10. ಬರೀ ಇಷ್ಟನ್ನೇ ನೋಡಿದರೆ ಎರಡನೆಯದು ಅಗ್ಗ ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಅದೇ ಎರಡು ಕಂಪನಿಗಳನ್ನು ಇವಿ–ಎಬಿಟ್‌ಡಾ ಲೆಕ್ಕದಲ್ಲಿ ಹಾಕಿದಾಗ ಮೊದಲನೆಯದು 6.6, ಎರಡನೆಯದು 7.25 ಅಂತ ಬರುತ್ತದೆ. ಈಗ ಎರಡನೆಯದೇ ದುಬಾರಿ. ಲೆಕ್ಕ ಎಲ್ಲೂ ತಪ್ಪಿಲ್ಲ. ಎರಡೂ ಅಳತೆಗಳು ಸರಿಯಾದ ಉತ್ತರವನ್ನೇ ಕೊಟ್ಟಿವೆ, ಅವಕ್ಕೆ ಕೇಳಿದ ಪ್ರಶ್ನೆ ಮಾತ್ರ ಬೇರೆ ಬೇರೆ.

ಪಿಇ ಕೇಳುವುದು ಷೇರುದಾರನ ಪ್ರಶ್ನೆ. ಬಡ್ಡಿ, ತೆರಿಗೆ ಎಲ್ಲ ಕಟ್ಟಿ ಕೊನೆಗೆ ನನ್ನ ಪಾಲಿಗೆ ಉಳಿಯುವ ಲಾಭದ ಎಷ್ಟು ಪಟ್ಟು ಬೆಲೆ ಕೊಡುತ್ತಿದ್ದೇನೆ? ಇವಿ–ಎಬಿಟ್‌ಡಾ ಕೇಳುವುದು ಇಡೀ ವ್ಯಾಪಾರವನ್ನೇ ಕೊಳ್ಳುವವನ ಪ್ರಶ್ನೆ. ಸಾಲವನ್ನೂ ನನ್ನ ತಲೆ ಮೇಲೆ ಹೊತ್ತುಕೊಂಡು, ಪೆಟ್ಟಿಗೆಯಲ್ಲಿರುವ ನಗದನ್ನೂ ತೆಗೆದುಕೊಂಡರೆ, ಈ ವ್ಯಾಪಾರದ ದುಡಿಮೆಗೆ ನಾನು ಒಟ್ಟು ಎಷ್ಟು ಪಟ್ಟು ಕೊಟ್ಟ ಹಾಗಾಯಿತು?

ಎಂಟರ್‌ಪ್ರೈಸ್ ವ್ಯಾಲ್ಯೂ, ಅಂದರೆ ಇವಿ, ಅಂದರೆ ಇಷ್ಟೇ: ಎಲ್ಲ ಷೇರುಗಳ ಮಾರುಕಟ್ಟೆ ಬೆಲೆಗೆ ಸಾಲ ಕೂಡಿಸಿ, ನಗದು ಕಳೆಯುವುದು. ಎಬಿಟ್‌ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ, ಪೇಟೆಂಟಿನಂತಹ ಮುಟ್ಟಲಾಗದ ಆಸ್ತಿಯ ಸವಕಳಿಯಾದ ಅಮಾರ್ಟೈಸೇಶನ್ ಇವನ್ನೆಲ್ಲ ಕಳೆಯುವ ಮುಂಚಿನ ಗಳಿಕೆ. ಇವಿಯನ್ನು ಎಬಿಟ್‌ಡಾದಿಂದ ಭಾಗಿಸಿದರೆ ಇವಿ–ಎಬಿಟ್‌ಡಾ.

ಎರಡು ಕಂಪನಿಗಳನ್ನು ಬಿಚ್ಚಿ ನೋಡೋಣ

ಮೊದಲ ಕಂಪನಿಯನ್ನು ಕ ಅಂತಲೂ ಎರಡನೆಯದನ್ನು ಖ ಅಂತಲೂ ಕರೆಯೋಣ. ಇಬ್ಬರ ದುಡಿಮೆಯೂ ಒಂದೇ: ವರ್ಷಕ್ಕೆ 200 ಕೋಟಿ ಎಬಿಟ್‌ಡಾ, 40 ಕೋಟಿ ಸವಕಳಿ. ತೆರಿಗೆ ದರ ಇಬ್ಬರಿಗೂ 25%. ಕ ಕಂಪನಿಗೆ ಸಾಲವೇ ಇಲ್ಲ. ಬ್ಯಾಂಕಿನಲ್ಲಿ 200 ಕೋಟಿ ನಗದಿದೆ, ಅದಕ್ಕೆ 4% ಬಡ್ಡಿ ಬರುತ್ತದೆ. ಖ ಕಂಪನಿಗೆ 1,000 ಕೋಟಿ ಸಾಲ, ಬಡ್ಡಿ 10%, ನಗದು ಇಲ್ಲ.

| ಕೋಟಿಗಳಲ್ಲಿ | ಕ | ಖ |
|---|---|---|
| ಎಬಿಟ್‌ಡಾ | 200 | 200 |
| ಸವಕಳಿ | 40 | 40 |
| ಬಂದ ಬಡ್ಡಿ | 8 | 0 |
| ಕಟ್ಟಿದ ಬಡ್ಡಿ | 0 | 100 |
| ತೆರಿಗೆಗೆ ಮುಂಚಿನ ಲಾಭ | 168 | 60 |
| ನಿವ್ವಳ ಲಾಭ | 126 | 45 |
| ಷೇರುಗಳ ಒಟ್ಟು ಬೆಲೆ | 1,512 | 450 |
| ಪಿಇ | 12 | 10 |
| ಇವಿ | 1,312 | 1,450 |
| ಇವಿ–ಎಬಿಟ್‌ಡಾ | 6.6 | 7.25 |

ಈಗ ಕೊನೆಯ ಸಾಲುಗಳನ್ನು ನೋಡಿ. ಖ ಕಂಪನಿಯ ಷೇರುಗಳೆಲ್ಲ ಬರೀ 450 ಕೋಟಿಗೆ ಸಿಗುತ್ತವೆ, ನಿಜ. ಆದರೆ ಆ 450 ಕೋಟಿ ಕೊಟ್ಟವನು 1,000 ಕೋಟಿ ಸಾಲಕ್ಕೂ ಹೆಗಲು ಕೊಟ್ಟ ಹಾಗೆ. ಅದೇ 200 ಕೋಟಿ ದುಡಿಮೆಗೆ ಕ ಕಂಪನಿಯಲ್ಲಿ 1,312 ಕೋಟಿ, ಖ ಕಂಪನಿಯಲ್ಲಿ 1,450 ಕೋಟಿ. ವ್ಯಾಪಾರದ ಬೆಲೆ ಅಂತ ನೋಡಿದರೆ ಖ ಸುಮಾರು ಹತ್ತು ಪರ್ಸೆಂಟ್ ಜಾಸ್ತಿಯೇ ಆಯಿತು.

ಹಾಗಾದರೆ ಖ ಕಂಪನಿಯ ಪಿಇ ಕಡಿಮೆ ಬಂದದ್ದು ಹೇಗೆ? ಇದನ್ನು ಒಮ್ಮೆ ಸರಿಯಾಗಿ ಅರ್ಥ ಮಾಡಿಕೊಂಡರೆ ಪಿಇ ಮತ್ತೆ ಸುಲಭವಾಗಿ ಮೋಸ ಮಾಡಲಾರದು.

ಸಾಲಕ್ಕೂ ಒಂದು ಪಿಇ ಇದೆ

ಸಾಲ ಕೊಟ್ಟವನೂ ಈ ವ್ಯಾಪಾರದಲ್ಲಿ ದುಡ್ಡು ಹಾಕಿದವನೇ. ಅವನು 1,000 ಕೋಟಿ ಹಾಕಿ ವರ್ಷಕ್ಕೆ 100 ಕೋಟಿ ಬಡ್ಡಿ ತೆಗೆದುಕೊಳ್ಳುತ್ತಾನೆ. ಬಡ್ಡಿಯಿಂದ ಕಂಪನಿಯ ತೆರಿಗೆ 25 ಕೋಟಿ ಕಡಿಮೆಯಾಗುವುದರಿಂದ, ಕಂಪನಿಗೆ ಆ ಸಾಲದ ನಿಜವಾದ ಖರ್ಚು 75 ಕೋಟಿ. 1,000 ಕೋಟಿಯನ್ನು 75 ಕೋಟಿಯಿಂದ ಭಾಗಿಸಿ. 13.3 ಬರುತ್ತದೆ. ಇದೇ ಸಾಲದ ಪಿಇ.

ಈಗ ಇಡೀ ಖ ಕಂಪನಿಯನ್ನು ಒಂದು ಗಂಟಾಗಿ ನೋಡೋಣ. ಷೇರುದಾರರ 450, ಸಾಲದ 1,000, ಒಟ್ಟು 1,450. ಷೇರುದಾರರ ಲಾಭ 45, ಸಾಲದ ಪಾಲು 75, ಒಟ್ಟು 120. ಭಾಗಿಸಿದರೆ 12.1. ಅಂದರೆ ಗಂಟಿನ ಒಟ್ಟು ಪಿಇ 12.1. ಅದರೊಳಗೆ ಸಾಲದ ಭಾಗಕ್ಕೆ 13.3 ಇದ್ದುದರಿಂದ ಷೇರಿನ ಭಾಗಕ್ಕೆ 10 ಉಳಿಯಿತು. ಅಷ್ಟೇ ಇದರ ಗುಟ್ಟು. ಖ ಷೇರು ಅಗ್ಗವಾಗಿ ಕಂಡದ್ದಕ್ಕೆ ವ್ಯಾಪಾರ ಕಡಿಮೆ ಬೆಲೆಗೆ ಸಿಕ್ಕಿದ್ದು ಕಾರಣವಲ್ಲ, ಗಂಟಿನ ದೊಡ್ಡ ಭಾಗ ಜಾಸ್ತಿ ಪಿಇ ಇರುವ ಸಾಲವಾಗಿರುವುದು ಕಾರಣ.

ಬಡ್ಡಿ ದರ ಇಳಿದಷ್ಟೂ ಈ ಆಟ ಜೋರಾಗುತ್ತದೆ. ಖ ಕಂಪನಿಗೆ ಸಾಲ 5% ಬಡ್ಡಿಗೆ ಸಿಕ್ಕಿದ್ದರೆ ಬಡ್ಡಿ 50 ಕೋಟಿ, ನಿವ್ವಳ ಲಾಭ 82.5 ಕೋಟಿ. ಅದೇ 450 ಕೋಟಿ ಬೆಲೆಗೆ ಪಿಇ 5.5. ನೋಡಿದವರು ಎದ್ದು ಬಿದ್ದು ಕೊಳ್ಳಬೇಕು ಅನ್ನುವಂತಹ ಸಂಖ್ಯೆ. ಆದರೆ ಇವಿ–ಎಬಿಟ್‌ಡಾ ಆಗಲೂ 7.25 ಅಂತಲೇ ಹೇಳುತ್ತದೆ, ಒಂದಿಷ್ಟೂ ಕದಲುವುದಿಲ್ಲ. ಅಗ್ಗದ ಬಡ್ಡಿಯಿಂದ ಷೇರುದಾರನಿಗೆ ನಿಜವಾದ ಲಾಭ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಆ ಲಾಭ ಸಾಲದ ಕರಾರು ಮುಗಿಯುವವರೆಗೆ ಮಾತ್ರ. ಸಾಲವನ್ನು ಹೊಸ ದರಕ್ಕೆ ನವೀಕರಿಸುವ ದಿನ ಬಂದಾಗ ಪಿಇ ಒಂದೇ ಏಟಿಗೆ ಬದಲಾಗುತ್ತದೆ.

ಕ ಕಂಪನಿಯಲ್ಲಿ ಇದೇ ಕಥೆ ತಿರುಗುಮುರುಗಾಗಿದೆ. ಅದರ 200 ಕೋಟಿ ನಗದು ತೆರಿಗೆ ಕಳೆದು 6 ಕೋಟಿ ತರುತ್ತದೆ, ಅಂದರೆ ನಗದಿನ ಪಿಇ 33. ನಗದನ್ನು ಪಕ್ಕಕ್ಕಿಟ್ಟರೆ ಕ ವ್ಯಾಪಾರದ ಪಿಇ 1,312 ಭಾಗಿಸು 120, ಅಂದರೆ 10.9. ನಗದಿನ ರಾಶಿ ಮೇಲೆ ಕೂತ ಕಂಪನಿ ಪಿಇಯಲ್ಲಿ ಸುಮ್ನೆ ದುಬಾರಿಯಾಗಿ ಕಾಣುವುದು ಹೀಗೆ.

ಅಪಾಯದ ಲೆಕ್ಕವನ್ನೂ ನೋಡಿಬಿಡೋಣ. ಮಾರಾಟ ಕುಗ್ಗಿ ಇಬ್ಬರ ಎಬಿಟ್‌ಡಾವೂ 200 ರಿಂದ 160 ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಕ ಕಂಪನಿಯ ನಿವ್ವಳ ಲಾಭ 126 ರಿಂದ 96 ಕ್ಕೆ ಬರುತ್ತದೆ, ಹೆಚ್ಚುಕಡಿಮೆ ಕಾಲು ಭಾಗದ ಇಳಿಕೆ. ಖ ಕಂಪನಿಯದ್ದು 45 ರಿಂದ 15 ಕ್ಕೆ ಬೀಳುತ್ತದೆ. ಷೇರು ಬೆಲೆ ಹಾಗೇ ನಿಂತರೆ ನಿನ್ನೆ 10 ಇದ್ದ ಪಿಇ ಇವತ್ತು 30. ಎಬಿಟ್‌ಡಾ ಇನ್ನೊಂದು 20 ಕೋಟಿ ಇಳಿದರೆ ಲಾಭವೇ ಇಲ್ಲ, ಪಿಇ ಅನ್ನುವ ಸಂಖ್ಯೆಯೇ ಹುಟ್ಟುವುದಿಲ್ಲ. ಸಾಲ ಜಾಸ್ತಿ ಇರುವ ಕಂಪನಿಯ ಪಿಇ ಒಳ್ಳೆ ವರ್ಷದಲ್ಲಿ ತೆಗೆದ ಫೋಟೋ ಇದ್ದ ಹಾಗೆ. ಅದು ಯಾವ ವರ್ಷದ್ದು ಅಂತ ಕೇಳದೆ ನಂಬಬಾರದು.

ಇಷ್ಟಾದರೆ ಎಬಿಟ್‌ಡಾನೇ ಸಾಕಲ್ವಾ?

ಸಾಲದು. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಎಬಿಟ್‌ಡಾವನ್ನು ಲಾಭ ಅಂತ ಕರೆಯುವುದೇ ತಪ್ಪು.

ಇನ್ನೆರಡು ಕಂಪನಿ ತೆಗೆದುಕೊಳ್ಳಿ, ಗ ಮತ್ತು ಘ. ಇಬ್ಬರಿಗೂ ಸಾಲ ಇಲ್ಲ, ನಗದೂ ಇಲ್ಲ. ಇಬ್ಬರ ಇವಿ 1,200 ಕೋಟಿ, ಎಬಿಟ್‌ಡಾ 200 ಕೋಟಿ. ಇವಿ–ಎಬಿಟ್‌ಡಾ ಇಬ್ಬರಿಗೂ ಸರಿಯಾಗಿ 6. ಆದರೆ ಗ ಕಂಪನಿ ಸಾಫ್ಟ್‌ವೇರ್ ಮಾರುತ್ತದೆ, ಅದರ ಸವಕಳಿ 40 ಕೋಟಿ. ಘ ಕಂಪನಿ ಟ್ರಕ್ಕುಗಳನ್ನು ಓಡಿಸುತ್ತದೆ, ಕೆಲವೇ ವರ್ಷಕ್ಕೊಮ್ಮೆ ಹಳೆ ಗಾಡಿ ಕೊಟ್ಟು ಹೊಸದು ತರಬೇಕು, ಅದರ ಸವಕಳಿ 120 ಕೋಟಿ. 25% ತೆರಿಗೆ ಕಳೆದರೆ ಗ ಕಂಪನಿಗೆ 120 ಕೋಟಿ ಉಳಿಯುತ್ತದೆ, ಘ ಕಂಪನಿಗೆ 60 ಕೋಟಿ. ಪಿಇ ಒಂದಕ್ಕೆ 10, ಇನ್ನೊಂದಕ್ಕೆ 20.

ಈ ಸಲ ನಿಜ ಹೇಳಿದ್ದು ಪಿಇ. ಟ್ರಕ್ ಸವೆಯುವುದು ಕಾಗದದ ಮೇಲಿನ ಖರ್ಚಲ್ಲ. ದುಡ್ಡು ಗಾಡಿ ಕೊಂಡ ದಿನವೇ ಕೈಬಿಟ್ಟು ಹೋಗಿದೆ, ಮುಂದಿನ ಗಾಡಿ ಕೊಳ್ಳುವಾಗ ಮತ್ತೆ ಹೋಗುತ್ತದೆ. ಎಬಿಟ್‌ಡಾ ಆ ಖರ್ಚಿನ ಕಡೆ ಕಣ್ಣೇ ಹಾಯಿಸುವುದಿಲ್ಲ. ಹಾಗಾಗಿ ಇವಿ–ಎಬಿಟ್‌ಡಾ ಹೋಲಿಕೆ ನಿಲ್ಲುವುದು ಒಂದೇ ಬಗೆಯ ವ್ಯಾಪಾರಗಳ ನಡುವೆ, ಯಂತ್ರ ಗಾಡಿಗಳಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಖರ್ಚು ಮಾಡುವವರ ನಡುವೆ ಮಾತ್ರ. ಟ್ರಕ್ ಕಂಪನಿಯ 6 ಮತ್ತು ಸಾಫ್ಟ್‌ವೇರ್ ಕಂಪನಿಯ 6 ಒಂದೇ ಅಲ್ಲ.

ಸವಕಳಿ ಕಳೆದ ಮೇಲಿನ ಗಳಿಕೆಯನ್ನು, ಅಂದರೆ ಎಬಿಟ್ ಅನ್ನು, ಇವಿಗೆ ಹೋಲಿಸುವ ಮಧ್ಯದ ದಾರಿಯೂ ಇದೆ. ಗ ಕಂಪನಿಗೆ ಅದು 7.5, ಘ ಕಂಪನಿಗೆ 15. ಸಾಲದ ವ್ಯತ್ಯಾಸವೂ ಇದ್ದು ಸವಕಳಿಯ ವ್ಯತ್ಯಾಸವೂ ಇದ್ದರೆ ನಾನು ಮೊದಲು ನೋಡುವುದು ಇದನ್ನೇ. ಯಾಕೋ ಇದಕ್ಕೆ ಸಿಗಬೇಕಾದಷ್ಟು ಬೆಲೆ ಸಿಕ್ಕಿಲ್ಲ.

ಎಬಿಟ್‌ಡಾವನ್ನು ಬೇಕಂತಲೇ ಉಬ್ಬಿಸುವ ದಾರಿಯೂ ಇದೇ ಜಾಗದಲ್ಲಿದೆ. 2002ರ ಜೂನ್‌ನಲ್ಲಿ ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್, 380 ಕೋಟಿ ಡಾಲರ್‌ಗೂ ಹೆಚ್ಚಿನ ಖರ್ಚನ್ನು ತಪ್ಪಾಗಿ ಬಂಡವಾಳ ವೆಚ್ಚ ಅಂತ ಬರೆದಿದ್ದಾಗಿ ಒಪ್ಪಿಕೊಂಡಿತು. ಬೇರೆ ಕಂಪನಿಗಳ ಲೈನುಗಳನ್ನು ಬಳಸಿದ್ದಕ್ಕೆ ಕೊಡುವ ದಿನನಿತ್ಯದ ಶುಲ್ಕ ಅದು. ಖರ್ಚಿನ ಪಟ್ಟಿಯಿಂದ ತೆಗೆದು ಆಸ್ತಿಯ ಪಟ್ಟಿಗೆ ಹಾಕಿದ ಕೂಡಲೇ ಎಬಿಟ್‌ಡಾ ಅಷ್ಟೂ ಮೊತ್ತದಷ್ಟು ಉಬ್ಬಿತು. ಆ ಆಸ್ತಿಯ ಸವಕಳಿ ನಿವ್ವಳ ಲಾಭಕ್ಕೆ ಮೆಲ್ಲಗೆ ತಟ್ಟುತ್ತದೆ, ಎಬಿಟ್‌ಡಾಕ್ಕೆ ಎಂದೂ ತಟ್ಟುವುದಿಲ್ಲ. ಇಂಥದ್ದನ್ನು ಕಾರ್ಯಾಚರಣೆಯಿಂದ ಬಂದ ನಗದಿನ ಸಾಲು ನೋಡಿದರೂ ಹಿಡಿಯಲಾಗುವುದಿಲ್ಲ, ಯಾಕೆಂದರೆ ಅದೂ ಜೊತೆಗೇ ಉಬ್ಬಿರುತ್ತದೆ. ಅದರಿಂದ ಬಂಡವಾಳ ವೆಚ್ಚವನ್ನು ಕಳೆದು ನೋಡಬೇಕು. ಎಬಿಟ್‌ಡಾ ವರ್ಷದಿಂದ ವರ್ಷಕ್ಕೆ ಏರುತ್ತಿದ್ದು ಈ ಕಳೆದ ಸಂಖ್ಯೆ ಏರದೇ ಇದ್ದರೆ, ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ.

ಇವಿ ಲೆಕ್ಕದಲ್ಲಿ ಕೈ ಜಾರುವ ಜಾಗಗಳು

ಪಿಇ ಲೆಕ್ಕ ಹಾಕುವುದು ಸುಲಭ, ಎರಡೇ ಸಂಖ್ಯೆ. ಇವಿ ಲೆಕ್ಕ ನಾವೇ ಕಟ್ಟಬೇಕು, ಅಲ್ಲೇ ತಪ್ಪುಗಳಾಗುವುದು. ಎಲ್ಲಕ್ಕೂ ಒಂದೇ ನಿಯಮ ಇಟ್ಟುಕೊಳ್ಳಿ: ಮೇಲಿನ ಬೆಲೆ ಯಾರದ್ದೋ, ಕೆಳಗಿನ ಗಳಿಕೆಯೂ ಅವರದ್ದೇ ಆಗಿರಬೇಕು.

ಮೊದಲನೆಯದು ಸಾಲದ ದಿನಾಂಕ. ಸಾಲದ ಮೊತ್ತ ಸಿಗುವುದು ವರ್ಷದ ಕೊನೆಯ ದಿನದ ಬ್ಯಾಲೆನ್ಸ್ ಶೀಟಿನಲ್ಲಿ. ಆ ಒಂದು ದಿನಕ್ಕೆ ಸಾಲ ಕಡಿಮೆ ತೋರಿಸುವುದು ಕಷ್ಟವಲ್ಲ. ಗಿರಾಕಿಗಳಿಂದ ಬೇಗ ವಸೂಲಿ ಮಾಡಿ, ಸರಕು ಕೊಟ್ಟವರ ಬಿಲ್ಲನ್ನು ಒಂದು ವಾರ ತಳ್ಳಿದರೆ ಆಯಿತು. ನಾನು ಒಮ್ಮೆ ಹೀಗೇ ಒಂದು ಕಂಪನಿಯ ಸಾಲವನ್ನು ಬ್ಯಾಲೆನ್ಸ್ ಶೀಟಿನಿಂದ ಎತ್ತಿ ಹಾಕಿ, ಇವಿ ಎಷ್ಟು ಕಡಿಮೆ ಅಂತ ಖುಷಿಪಟ್ಟಿದ್ದೆ. ಆಮೇಲೆ ಬಡ್ಡಿಯ ಸಾಲು ಕಣ್ಣಿಗೆ ಬಿತ್ತು. ಪರೀಕ್ಷೆ ಸರಳ. ವರ್ಷದ ಕೊನೆಗೆ 1,000 ಕೋಟಿ ಸಾಲ, ಆದರೆ ವರ್ಷವಿಡೀ ಕಟ್ಟಿದ ಬಡ್ಡಿ 150 ಕೋಟಿ ಅಂತಿದೆ. ಆ ಕಂಪನಿಗೆ ಸಾಲ ಸಿಗುವುದು 10% ದರಕ್ಕೆ ಅಂತ ಗೊತ್ತಿದ್ದರೆ, ವರ್ಷದುದ್ದಕ್ಕೂ ಸರಾಸರಿ 1,500 ಕೋಟಿ ಸಾಲ ಇತ್ತು ಅಂತಾಯಿತು. ನಡುವೆ ನಿಜಕ್ಕೂ ಸಾಲ ತೀರಿಸಿದ್ದರೆ ಟಿಪ್ಪಣಿಯಲ್ಲಿ ಅದರ ಸುಳಿವು ಇರುತ್ತದೆ. ಇಲ್ಲದಿದ್ದರೆ ಇವಿಯಲ್ಲಿ ಸೇರಬೇಕಾದದ್ದು ಆ 1,500.

ನಗದಿನ ಕಡೆಯೂ ಇದೇ ಎಚ್ಚರ ಬೇಕು. ಗಿರಾಕಿಗಳು ಮುಂಗಡ ಕೊಟ್ಟ ದುಡ್ಡು ಬ್ಯಾಂಕಿನಲ್ಲಿದ್ದರೆ ಅದು ಕಂಪನಿಯ ಉಳಿತಾಯ ಅಲ್ಲ, ನಾಳೆ ಕೆಲಸಕ್ಕೆ ಖರ್ಚಾಗಬೇಕಾದದ್ದು. ಅದನ್ನು ಇವಿಯಿಂದ ಕಳೆಯಬಾರದು. ಇನ್ನೊಂದು ಮಾತು, ನಗದನ್ನು ಕಳೆದ ಮೇಲೆ ಆ ನಗದು ತಂದ ಬಡ್ಡಿ ಎಬಿಟ್‌ಡಾದೊಳಗೆ ಇರಬಾರದು. ಷೇರುಗಳನ್ನು ಸೋಸಿ ತೋರಿಸುವ ಕೆಲವು ಸ್ಕ್ರೀನರ್ ತಾಣಗಳು ಇತರೆ ಆದಾಯವನ್ನೂ ಸೇರಿಸಿಯೇ ಎಬಿಟ್‌ಡಾ ತೋರಿಸುತ್ತವೆ. ನಮ್ಮ ಕ ಕಂಪನಿಯಲ್ಲಿ ಅದು 200 ರ ಬದಲು 208 ಆಗುತ್ತದೆ. ಒಂದೇ ನಗದನ್ನು ಎರಡು ಸಲ ಎಣಿಸಿದ ಹಾಗೆ.

ಎರಡನೆಯದು ಬಾಡಿಗೆ. ಹೆಚ್ಚಿನ ದೇಶಗಳು ಅನುಸರಿಸುವ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳಲ್ಲಿ ಐಎಫ್‌ಆರ್‌ಎಸ್ 16 ಅನ್ನುವುದು 2019ರ ಜನವರಿ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಅಂಗಡಿ, ಗೋದಾಮುಗಳ ಬಾಡಿಗೆಯನ್ನು ನೇರವಾಗಿ ಖರ್ಚು ಅಂತ ಬರೆಯುತ್ತಿದ್ದರು, ಎಬಿಟ್‌ಡಾ ಬರುವ ಹೊತ್ತಿಗೆ ಬಾಡಿಗೆ ಕಳೆದಿರುತ್ತಿತ್ತು. ಈಗ ದೀರ್ಘಕಾಲದ ಬಾಡಿಗೆ ಕರಾರು ಒಂದು ಸಾಲವಾಗಿ ಬ್ಯಾಲೆನ್ಸ್ ಶೀಟಿಗೆ ಬರುತ್ತದೆ, ಬಾಡಿಗೆಯ ಜಾಗದಲ್ಲಿ ಸವಕಳಿ ಮತ್ತು ಬಡ್ಡಿ ಕೂರುತ್ತವೆ. ಎರಡೂ ಎಬಿಟ್‌ಡಾ ಸಾಲಿನ ಕೆಳಗೆ.

ಲೆಕ್ಕದಲ್ಲಿ ಇದು ಹೇಗೆ ಕಾಣುತ್ತೆ ನೋಡಿ. ಒಂದು ಚಿಲ್ಲರೆ ಮಾರಾಟದ ಕಂಪನಿ 80 ಕೋಟಿ ಬಾಡಿಗೆ ಕಟ್ಟಿ 200 ಕೋಟಿ ಎಬಿಟ್‌ಡಾ ತೋರಿಸುತ್ತಿತ್ತು. ಇವಿ 1,400 ಕೋಟಿ, ಅಂದರೆ 7 ಪಟ್ಟು. ಹೊಸ ನಿಯಮದಲ್ಲಿ ಎಬಿಟ್‌ಡಾ 280 ಆಯಿತು, ಬಾಡಿಗೆ ಸಾಲ 320 ಕೋಟಿ ಅಂತ ಬಂತು. ಬಾಡಿಗೆ ಸಾಲವನ್ನೂ ಕೂಡಿಸಿದರೆ 1,720 ಭಾಗಿಸು 280, ಅಂದರೆ 6.1. ಇದೂ ಸರಿ, ಹಳೇ 7 ಕೂಡ ಸರಿ. ತಪ್ಪಾಗುವುದು ಹೊಸ ಎಬಿಟ್‌ಡಾಕ್ಕೆ ಹಳೇ ಇವಿ ಇಟ್ಟಾಗ: 1,400 ಭಾಗಿಸು 280, ಸರಿಯಾಗಿ 5. ಅಂಗಡಿಯಲ್ಲಿ ಒಂದು ಇಟ್ಟಿಗೆಯೂ ಬದಲಾಗದೆ ಕಂಪನಿ 7 ರಿಂದ 5 ಕ್ಕೆ ಅಗ್ಗವಾಗಿಬಿಟ್ಟಿತು! ಅಮೆರಿಕದ ನಿಯಮದಲ್ಲಿ ಸಾಮಾನ್ಯ ಬಾಡಿಗೆ ಕರಾರಿನ ಖರ್ಚು ಈಗಲೂ ಎಬಿಟ್‌ಡಾಕ್ಕಿಂತ ಮೇಲೆಯೇ ಇರುತ್ತದೆ. ಹಾಗಾಗಿ ಅಲ್ಲಿಯ ಕಂಪನಿಯನ್ನೂ ಬೇರೆ ಕಡೆಯ ಕಂಪನಿಯನ್ನೂ ಪಕ್ಕಪಕ್ಕ ಇಡುವಾಗ ಈ ಸಾಲನ್ನು ಮೊದಲು ಸರಿಮಾಡಿಕೊಳ್ಳಬೇಕು.

ಮೂರನೆಯದು ಅಂಗಸಂಸ್ಥೆಗಳಲ್ಲಿ ಹೊರಗಿನವರ ಪಾಲು. ಕಂಪನಿಗೆ ಒಂದು ಅಂಗಸಂಸ್ಥೆಯಲ್ಲಿ 60% ಮಾತ್ರ ಇದ್ದರೂ ಅದರ ಎಬಿಟ್‌ಡಾ ಪೂರ್ತಿ ಸೇರುತ್ತದೆ. ಷೇರುಗಳ ಬೆಲೆಯಲ್ಲಿ ಇರುವುದು ಆ 60% ಮಾತ್ರ. ಆದ್ದರಿಂದ ಉಳಿದ 40% ರ ಬೆಲೆಯನ್ನು ಇವಿಗೆ ಕೂಡಿಸಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ಅದು ಹಳೇ ಪುಸ್ತಕ ಬೆಲೆಯಲ್ಲಿ ಇರುತ್ತದೆ. ಅಂಗಸಂಸ್ಥೆಯ ಷೇರು ಮಾರುಕಟ್ಟೆಯಲ್ಲಿದ್ದರೆ ಅಲ್ಲಿಯ ಬೆಲೆಯನ್ನೇ ಹಾಕುವುದು ಸರಿ. ಪಿಇ ಲೆಕ್ಕದಲ್ಲಿ ಈ ತಲೆನೋವಿಲ್ಲ, ಮಾತೃ ಕಂಪನಿಯ ಷೇರುದಾರರಿಗೆ ಸೇರಿದ ಲಾಭ ಅಂತ ಪ್ರತ್ಯೇಕ ಸಾಲೇ ಇರುತ್ತದೆ.

ಹಾಗಾದರೆ ಯಾವಾಗ ಯಾವುದು

ಸಾಲದ ಪ್ರಮಾಣ ಬೇರೆ ಬೇರೆ ಇರುವ, ಆದರೆ ಒಂದೇ ಬಗೆಯ ವ್ಯಾಪಾರ ಮಾಡುವ ಕಂಪನಿಗಳಿದ್ದರೆ ಇವಿ–ಎಬಿಟ್‌ಡಾ ಹಿಡಿಯಿರಿ. ಬೇರೆ ಬೇರೆ ತೆರಿಗೆ ದರದ ದೇಶಗಳ ಕಂಪನಿಗಳನ್ನು ಹೋಲಿಸುವಾಗಲೂ, ಈಗಷ್ಟೇ ದೊಡ್ಡ ಕಾರ್ಖಾನೆ ಕಟ್ಟಿ ಬಡ್ಡಿ ಸವಕಳಿಗಳ ಭಾರದಲ್ಲಿ ನಷ್ಟ ತೋರಿಸುತ್ತಿರುವ ಕಂಪನಿಯಲ್ಲೂ ಇದೇ ಕೆಲಸಕ್ಕೆ ಬರುತ್ತದೆ. ಇಡೀ ಕಂಪನಿಯನ್ನೇ ಕೊಳ್ಳುವವರಂತೂ ಇದನ್ನು ಬಿಟ್ಟು ಮಾತಾಡುವುದೇ ಕಡಿಮೆ.

ಸಾಲ ಕಡಿಮೆ ಇದ್ದು, ಲಾಭ ವರ್ಷದಿಂದ ವರ್ಷಕ್ಕೆ ಸ್ಥಿರವಾಗಿ ಬರುತ್ತಿದ್ದರೆ ಪಿಇ ಸಾಕು. ಒಂದು ಸಲದ ಗಳಿಕೆ ಮಾತ್ರ ತೆಗೆದುಹಾಕಿ. ಖಾಲಿ ಜಮೀನು ಮಾರಿದ ಲಾಭ ನಿವ್ವಳ ಲಾಭದಲ್ಲಿ ಕೂತು ಆ ವರ್ಷದ ಪಿಇಯನ್ನು ಅರ್ಧಕ್ಕೆ ಇಳಿಸಿಬಿಡಬಹುದು.

ಬ್ಯಾಂಕು, ವಿಮೆ, ಸಾಲ ಕೊಡುವ ಕಂಪನಿಗಳಲ್ಲಿ ಇವಿ–ಎಬಿಟ್‌ಡಾ ಹತ್ತಿರವೂ ಸುಳಿಯಬೇಡಿ. ಠೇವಣಿ ಬ್ಯಾಂಕಿಗೆ ಹೊರೆಯಾದ ಸಾಲವಲ್ಲ, ಅದರ ಕಚ್ಚಾ ಸರಕು. ಬಡ್ಡಿ ಅದರ ಮುಖ್ಯ ಖರ್ಚು. ಬಡ್ಡಿಗೆ ಮುಂಚಿನ ಗಳಿಕೆ ಅನ್ನುವುದಕ್ಕೆ ಅಲ್ಲಿ ಅರ್ಥವೇ ಇಲ್ಲ. ಅಲ್ಲಿ ಪಿಇ ಮತ್ತು ಪುಸ್ತಕ ಬೆಲೆಯ ಪಟ್ಟು, ಇವೆರಡನ್ನೇ ನೋಡಬೇಕು.

ನಿಜವಾಗಿ ಕುತೂಹಲ ಹುಟ್ಟಬೇಕಾದದ್ದು ಎರಡೂ ಅಳತೆಗಳು ಜಗಳವಾಡಿದಾಗ. ಆಗ ಎಬಿಟ್‌ಡಾದಿಂದ ನಿವ್ವಳ ಲಾಭದವರೆಗೆ ಒಂದೊಂದೇ ಮೆಟ್ಟಿಲು ಇಳಿಯಿರಿ: ಸವಕಳಿ, ಬಡ್ಡಿ, ಇತರೆ ಆದಾಯ, ಒಂದು ಸಲದ ಗಳಿಕೆ, ತೆರಿಗೆ, ಹೊರಗಿನವರ ಪಾಲು. ಎರಡು ಕಂಪನಿಗಳನ್ನೂ ಪಕ್ಕಪಕ್ಕ ಇಟ್ಟು ಇಳಿದರೆ ಯಾವುದೋ ಒಂದು ಮೆಟ್ಟಿಲಲ್ಲಿ ಅಂತರ ಏಕಾಏಕಿ ಅಗಲವಾಗುತ್ತದೆ. ಅದು ಬಡ್ಡಿಯ ಮೆಟ್ಟಿಲಾಗಿದ್ದರೆ ಕ, ಖ ಲೆಕ್ಕ ಮಾಡಿ, ಇವಿ ಕಡೆ ವಾಲಿರಿ. ಸವಕಳಿಯ ಮೆಟ್ಟಿಲಾಗಿದ್ದರೆ ಗ, ಘ ಲೆಕ್ಕ ಮಾಡಿ, ಪಿಇ ಅಥವಾ ಎಬಿಟ್ ಕಡೆ ವಾಲಿರಿ. ತೆರಿಗೆಯ ಮೆಟ್ಟಿಲಾಗಿದ್ದರೆ ಆ ಕಡಿಮೆ ತೆರಿಗೆ ಎಷ್ಟು ವರ್ಷ ಇರುತ್ತದೆ ಅಂತ ವಾರ್ಷಿಕ ವರದಿಯ ತೆರಿಗೆ ಟಿಪ್ಪಣಿಯಲ್ಲಿ ಹುಡುಕಿ. ಹಳೇ ನಷ್ಟಗಳನ್ನು ಈಗಿನ ಲಾಭದಿಂದ ಕಳೆದು ತೆರಿಗೆ ಉಳಿಸುತ್ತಿರುವ ಕಂಪನಿಯಾದರೆ, ಆ ನಷ್ಟಗಳು ಮುಗಿದ ವರ್ಷ ಪೂರ್ತಿ ತೆರಿಗೆ ಬೀಳುತ್ತದೆ. ಆ ಪೂರ್ತಿ ತೆರಿಗೆ ಹಾಕಿ ನಿವ್ವಳ ಲಾಭವನ್ನು ಮತ್ತೆ ಬರೆದು, ಆ ಲಾಭದ ಮೇಲೆ ಪಿಇ ಲೆಕ್ಕ ಹಾಕಿ.